‘ಕನ್ನಡ’ ಒಡೆದು ‘ಕನ್‌ನಡ’ ಆಗುವುದೆಲ್ಲಿ?

ಜಲಾಶಯದ ನೀರಿನ ಮಟ್ಟವನ್ನು ದಿನಾ ಬೆಳಿಗ್ಗೆ ತಾನಾಗಿಯೇ ಪೋಸ್ಟ್ ಮಾಡುವ ಒಂದು ಪ್ರೋಗ್ರಾಮ್ ಇದೆ ಎಂದುಕೊಳ್ಳಿ. ಕಾರ್ಡಿನ ಚಿತ್ರದಲ್ಲಿ ‘ಕೃಷ್‌ಣರಾಜಸಾಗರ’ ಎಂದು ಒತ್ತಕ್ಷರ ಕಳಚಿಕೊಂಡಿದೆ. ಚಿತ್ರದ ಕೆಳಗಿನ ಬರಹದಲ್ಲಿ ಅದೇ ಹೆಸರು ಸರಿಯಾಗಿದೆ. ಎರಡನ್ನೂ ಬರೆದದ್ದು ಒಂದೇ ಪ್ರೋಗ್ರಾಮ್. ಹಾಗಾದರೆ ಒತ್ತು ಬಿದ್ದುಹೋದದ್ದೆಲ್ಲಿ?

ಉತ್ತರಕ್ಕೆ ತೊಂಬತ್ತರ ದಶಕದ ಡಿಟಿಪಿ ಅಂಗಡಿಗೆ ಹೋಗಬೇಕು. ಆಗಿನ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದವು: ಇಲ್ಲೊಂದು ತಲಕಟ್ಟು, ಅಲ್ಲೊಂದು ನ-ಒತ್ತು. ಫಾಂಟ್ ಬದಲಿಸಿದರೆ ಇಡೀ ಪುಟ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಆದರೆ ಒಂದು ಅನುಕೂಲವಿತ್ತು. ಕಾಣಬೇಕಾದ ಕ್ರಮದಲ್ಲೇ ತುಂಡುಗಳು ಕೂತಿರುತ್ತಿದ್ದರಿಂದ ಚಿತ್ರ ಮಾಡುವ ತಂತ್ರಾಂಶಕ್ಕೆ ಕನ್ನಡ ಗೊತ್ತಿರಬೇಕಿರಲಿಲ್ಲ. ಯುನಿಕೋಡ್ ಬಂದು ವರ್ಷಗಳಾದರೂ ಪೋಸ್ಟರ್ ಮಾಡುವವರು ನುಡಿ, ಬರಹದ ಹಳೆಯ ಫಾಂಟುಗಳನ್ನು ಬಿಡದಿದ್ದುದು ಬರೀ ಹಟದಿಂದಲ್ಲ.

1991ರಲ್ಲಿ ಬಂದ ಯುನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತು. ಅದರ ನಿಯಮ ಬೇರೆ. ಉಚ್ಚರಿಸುವ ಕ್ರಮದಲ್ಲಿ ಅಕ್ಷರ ಉಳಿಸು, ಕಾಣುವ ರೂಪವನ್ನು ಇನ್ನೊಬ್ಬರು ನೋಡಿಕೊಳ್ಳಲಿ. ‘ಕನ್ನಡ’ ಎಂದರೆ ಕ, ನ, ಹಲಂತ, ನ, ಡ ಎಂಬ ಐದು ಸಂಕೇತಗಳು. ಎರಡನೆಯ ನ-ವನ್ನು ಒತ್ತಾಗಿಸಿ ಕೆಳಗಿಳಿಸುವುದು, ‘ಕರ್ನಾಟಕ’ದ ರ-ವನ್ನು ಅರ್ಕಾವತ್ತಾಗಿಸಿ ನಾ ಆದಮೇಲೆ ಕೂರಿಸುವುದು ಶೇಪಿಂಗ್ ಎಂಜಿನ್ ಎಂಬ ಜೋಡಣೆಗಾರನ ಕೆಲಸ. ಈತ ಊರಿಗೆ ಬಂದದ್ದು ತಡವಾಗಿ. ವಿಂಡೋಸ್‌ನಲ್ಲಿ 2001ರ ಎಕ್ಸ್‌ಪಿಯೊಂದಿಗೆ ಬಂದ, ತುಂಗಾ ಫಾಂಟನ್ನೂ ಜೊತೆಗೆ ತಂದ. ಆಂಡ್ರಾಯ್ಡ್‌ನಲ್ಲಿ ಕನ್ನಡ ಬೆಂಬಲ ಸೇರಿದ್ದು 2012ರ 4.1 ಆವೃತ್ತಿಯಲ್ಲಿ. ಅದಕ್ಕೂ ಹಿಂದೆ ಎಷ್ಟೋ ಫೋನುಗಳಲ್ಲಿ ಕನ್ನಡವೆಂದರೆ ಸಾಲುಸಾಲು ಚೌಕಗಳು.

ಫೋನು, ಬ್ರೌಸರು ಸರಿಹೋದವು, ಗೋಳು ಮುಗಿಯಿತು ಎಂದುಕೊಂಡೆವು. ಆದರೆ ಚಿತ್ರದೊಳಗಿನ ಅಕ್ಷರವನ್ನು ಬಿಡಿಸುವುದು ಓದುಗರ ಫೋನಲ್ಲ, ಎಲ್ಲೋ ಇರುವ ಸರ್ವರ್. ಪೈಥಾನ್‌ನಲ್ಲಿ ಈ ಕೆಲಸಕ್ಕೆ ಹೆಚ್ಚಾಗಿ ಬಳಸುವ ಪಿಲೋ ಲೈಬ್ರರಿಗೆ ರಕಮ್ ಎಂಬ ಜೋಡಣೆಗಾರನ ಬೆಂಬಲ ಸಿಕ್ಕಿದ್ದು 2017ರಲ್ಲಿ. ಈಗ ರಕಮ್ ಪಿಲೋ ಜೊತೆಗೇ ಬರುತ್ತದೆ. ಆದರೆ ಅದಕ್ಕೆ ಬೇಕಾದ ಫ್ರಿಬಿಡಿ ಎಂಬ ಇನ್ನೊಂದು ತುಣುಕು ಮಾತ್ರ ಯಂತ್ರದಲ್ಲಿ ಮೊದಲೇ ಇರಬೇಕು. ಇಲ್ಲದಿದ್ದರೆ ಪಿಲೋ ದೂರು ಹೇಳುವುದಿಲ್ಲ. ಸುಮ್ಮನೆ ಅಕ್ಷರಗಳನ್ನು ಒಂದರ ಪಕ್ಕ ಒಂದು ಇಟ್ಟು ಹೋಗುತ್ತದೆ. ಲ್ಯಾಪ್‌ಟಾಪಿನಲ್ಲಿ ಚೆಂದವಿದ್ದ ಕಾರ್ಡು ಸರ್ವರಿನಲ್ಲಿ ಒಡೆಯುವುದು ಹೀಗೆ. ಎಷ್ಟೋ ಜನ ಫಾಂಟ್ ಬದಲಿಸಿ ಬದಲಿಸಿ ದಣಿಯುತ್ತಾರೆ. ಫಾಂಟಿನ ತಪ್ಪಾದರೆ ಚೌಕ ಕಾಣುತ್ತದೆ, ಒತ್ತು ಕಳಚಿದರೆ ತಪ್ಪು ಜೋಡಣೆಯದು. ಡೆಬಿಯನ್ ಸರ್ವರಿನಲ್ಲಿ `libfribidi0` ಹಾಕಿ, ಪ್ರೋಗ್ರಾಮಿನ ತಲೆಯಲ್ಲಿ ಹೀಗೆ ಬರೆದರೆ ಜೋಡಣೆಗಾರನಿಲ್ಲದ ದಿನ ಪೋಸ್ಟೇ ಹೋಗುವುದಿಲ್ಲ:

```python
from PIL import features
if not features.check("raqm"):
    raise SystemExit("raqm ಇಲ್ಲ")
```

ಹ್ಯಾಶ್‌ಟ್ಯಾಗ್‌ನ ಕಥೆಯಲ್ಲಿ ಅಡ್ಡಬರುವುದು ಅದೇ ಹಲಂತ, ಕಾರಣ ಮಾತ್ರ ಬೇರೆ. ಪೋಸ್ಟಿನಿಂದ ಟ್ಯಾಗ್ ಹೆಕ್ಕಲು ಎಲ್ಲರೂ ಬರೆಯುವ ಸಾಲು ಇದು:

```python
re.findall(r"#\w+", "#ಕನ್ನಡ")   # ['#ಕನ']
```

ಪೈಥಾನ್‌ನ `\w` ಲೆಕ್ಕದಲ್ಲಿ ಕ, ನ ಅಕ್ಷರಗಳು. ಹಲಂತ, ಇಳಿ, ಕೊಂಬುಗಳು ಅಕ್ಷರಗಳಲ್ಲ, ಬರೀ ಗುರುತುಗಳು. ಹಾಗಾಗಿ ಟ್ಯಾಗ್ ಮೊದಲ ಗುಣಿತಕ್ಕೋ ಒತ್ತಿಗೋ ಕಡಿದುಹೋಗುತ್ತದೆ. ಬೆಂಗಳೂರು ಬರೀ ‘ಬ’ ಆಗುತ್ತದೆ! ಕನ್ನಡದ ವ್ಯಾಪ್ತಿಯನ್ನು ನಾವೇ ಹೇಳಿಕೊಟ್ಟರೆ ಪೂರ್ತಿ ಸಿಗುತ್ತದೆ:

```python
r"#[\w\u0C80-\u0CFF\u200C\u200D]+"
```

ಕೊನೆಯ ಎರಡು ಸಂಕೇತಗಳು ಕಣ್ಣಿಗೆ ಕಾಣದವು. ಮೊದಲನೆಯದು ‘ಫೇಸ್‌ಬುಕ್’ನ ಸ್ ಮತ್ತು ಬು ಅಂಟದಂತೆ ತಡೆಯುತ್ತದೆ. ಎರಡನೆಯದು ‘ರ‍್ಯಾಲಿ’ಯ ರ-ವನ್ನು ಅರ್ಕಾವತ್ತಾಗದಂತೆ ಹಿಡಿದಿಡುತ್ತದೆ. ಪೋಸ್ಟ್ ಕಳಿಸುವ ಮೊದಲು ಬರಹವನ್ನು ‘ಶುಚಿ’ ಮಾಡುವ ಸಾಲುಗಳು ಇಂಥ ಕಾಣದ ಸಂಕೇತಗಳನ್ನು ಕಸವೆಂದು ಗುಡಿಸಿಬಿಡುವುದುಂಟು. ಮರುದಿನ ರ‍್ಯಾಲಿ ‘ರ್ಯಾಲಿ’ ಆಗಿರುತ್ತದೆ, ಫೇಸ್‌ಬುಕ್ ‘ಫೇಸ್ಬುಕ್’ ಆಗಿರುತ್ತದೆ. ಟ್ಯಾಗಿನಲ್ಲಾದರೆ ತೊಂದರೆ ಇನ್ನೂ ಹೆಚ್ಚು: ನೋಡಲು ಒಂದೇ ಥರದ ಎರಡು ಟ್ಯಾಗುಗಳಲ್ಲಿ ಒಂದರಲ್ಲಿ ಈ ಸಂಕೇತವಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಯಂತ್ರಕ್ಕೆ ಅವು ಬೇರೆ ಬೇರೆ ಪದಗಳು.

ಆದ್ದರಿಂದ ಪ್ರೋಗ್ರಾಮ್ ಮುಟ್ಟಿದಾಗಲೆಲ್ಲ ‘ಕರ್ನಾಟಕ, ಕೃಷ್ಣ, ರ‍್ಯಾಲಿ, ಫೇಸ್‌ಬುಕ್’ ಎಂಬ ಒಂದು ಸಾಲನ್ನು ಕಾರ್ಡಿನಲ್ಲಿ ಬರೆಸಿ ನೋಡುವುದು ಒಳ್ಳೆಯದು. ಮೇಲಿನ ತಪ್ಪುಗಳಲ್ಲಿ ಹೆಚ್ಚಿನವು ಆ ಒಂದೇ ಸಾಲಿನಲ್ಲಿ ಸಿಕ್ಕಿಬೀಳುತ್ತವೆ. ಟ್ಯಾಗ್ ಮಾತ್ರ ಜಾಲತಾಣಕ್ಕೆ ಹೋದ ಮೇಲೆ ಒಮ್ಮೆ ಒತ್ತಿ, ನೀಲಿ ಬಣ್ಣ ಎಲ್ಲಿಯವರೆಗೆ ಹೋಗಿದೆ ಎಂದು ಕಣ್ಣಾರೆ ನೋಡಬೇಕು.