ಬಿಪಿ ಜೊತೆಗೆ ಪಂಪನ್ನೂ ಓದಿ

ಐಸಿಯುನಲ್ಲಿ ಪ್ರತಿ ಹಾಸಿಗೆಗೂ ಒಂದು ದೊಡ್ಡ ಚಾರ್ಟ್ ಇರುತ್ತದೆ. ಗಂಟೆಗೊಂದು ಕಾಲಂ. ಬಿಪಿ, ನಾಡಿ, ವೆಂಟಿಲೇಟರ್ ಸೆಟ್ಟಿಂಗ್, ಸಿರಿಂಜ್ ಪಂಪ್‌ಗಳ ವೇಗ, ಎಲ್ಲವನ್ನೂ ಸಿಸ್ಟರ್ ಬರೆದಿರುತ್ತಾರೆ. ಬೆಳಗಿನ ರೌಂಡ್ಸ್‌ಗೆ ಆ 24 ಕಾಲಂಗಳನ್ನು ನಾಲ್ಕೈದು ಸಾಲಿಗೆ ಇಳಿಸಬೇಕು. ಕಿರಿಯ ವೈದ್ಯರು ಹೆಚ್ಚಾಗಿ ಸರಾಸರಿ ಹಾಕಿಬಿಡುತ್ತಾರೆ. ಅದು ಬೇಡ ಅಂತ ನಾನು ಹಟ ಹಿಡಿಯುತ್ತೇನೆ.

ಒಂದು ಚಾರ್ಟ್ ನೋಡೋಣ. ರೋಗಿಯ ತೂಕ 60 ಕೆಜಿ, ಸೋಂಕು ರಕ್ತಕ್ಕೆ ಹರಡಿ ಬಿಪಿ ಬಿದ್ದಿದೆ. ಸರಾಸರಿ ಒತ್ತಡ, ಅಂದರೆ ಎಂಎಪಿ, ಎರಡು ಗಂಟೆ ಬಿಟ್ಟರೆ ದಿನವಿಡೀ 66ರಿಂದ 70. ಬಿಪಿ ಏರಿಸುವ ಔಷಧಿ ನಾರ್‌ಅಡ್ರಿನಲಿನ್‌ನ ಪಂಪ್ ಹಿಂದಿನ ಬೆಳಿಗ್ಗೆ ಗಂಟೆಗೆ 6 ಎಂಎಲ್, ಇವತ್ತು 4. ‘ಬಿಪಿ ಸ್ಥಿರ, ಔಷಧಿ ಇಳಿಯುತ್ತಿದೆ’ ಎಂದು ಕಿರಿಯ ವೈದ್ಯರು ಬರೆದಿದ್ದರು.

ಆದರೆ ರಾತ್ರಿ 12ಕ್ಕೆ ಸಿರಿಂಜ್ ಬದಲಾಗಿತ್ತು. ಮೊದಲಿನದರಲ್ಲಿ 50 ಎಂಎಲ್‌ಗೆ 4 ಎಂಜಿ, ಹೊಸದರಲ್ಲಿ 8 ಎಂಜಿ. ಲೆಕ್ಕ ಹಾಕಿ ನೋಡಿ: ಹಳೆಯದು ಎಂಎಲ್‌ಗೆ 80 ಮೈಕ್ರೋಗ್ರಾಂ, ಗಂಟೆಗೆ 6 ಎಂಎಲ್ ಅಂದರೆ 480. ಹೊಸದು ಎಂಎಲ್‌ಗೆ 160, ಗಂಟೆಗೆ 4 ಎಂಎಲ್ ಅಂದರೆ 640. ಪ್ರತಿ ಕೆಜಿಗೆ ನಿಮಿಷಕ್ಕೆ 0.13 ಇದ್ದದ್ದು 0.18 ಆಗಿದೆ. ಔಷಧಿ ಇಳಿದಿಲ್ಲ, ಏರಿದೆ! ಅದಕ್ಕೇ ಸಾರಾಂಶದಲ್ಲಿ ಎಂಎಲ್ ಬರೆಯಬಾರದು, ಡೋಸ್ ಬರೆಯಬೇಕು. ಅದೂ ಎಂಎಪಿ ಪಕ್ಕದಲ್ಲೇ.

ಈಗ ಉಳಿದ ಆ ಎರಡು ಗಂಟೆ. ಬೆಳಿಗ್ಗೆ 11ಕ್ಕೆ ಎಂಎಪಿ 44, ನಸುಕಿನ 3ಕ್ಕೆ 51. ಇವೆರಡೂ ಸೇರಿದರೂ ಸರಾಸರಿ 66 ಬರುತ್ತದೆ, ಏನೂ ಆಗಿಲ್ಲ ಅನ್ನಿಸುತ್ತದೆ. 11ರ ಕಾಲಂನಲ್ಲಿ ನಾಡಿ ಬದಲಾಗಿಲ್ಲ, ಪಂಪ್ ಮುಟ್ಟಿಲ್ಲ. ಕೇಳಿದಾಗ ಸಿಸ್ಟರ್ ಹೇಳಿದ್ದು: ‘ಆಗ ಆರ್ಟೀರಿಯಲ್ ಲೈನ್‌ನಿಂದ ರಕ್ತ ತೆಗೀತಿದ್ವಿ ಸರ್.’ ಬಿಪಿ ಅಳೆಯುವುದೂ ಅದೇ ಲೈನ್, ರಕ್ತ ತೆಗೆಯುವಾಗ ಅದರ ಅಂಕಿ ನಂಬುವಂತಿಲ್ಲ. ಹಾಗಾಗಿ ಅದನ್ನು ಬಿಡಬಹುದು. 3 ಗಂಟೆಯದು ಹಾಗಲ್ಲ. ನಾಡಿ 96ರಿಂದ 118ಕ್ಕೆ ಏರಿದೆ, ಆ ಗಂಟೆಯ ಮೂತ್ರ ಬರೀ 15 ಎಂಎಲ್, ಪಂಪನ್ನು 3ರಿಂದ 4ಕ್ಕೆ ಏರಿಸಿದ್ದಾರೆ. ಅಕ್ಕಪಕ್ಕದ ಸಾಲುಗಳೂ ಅದನ್ನೇ ಹೇಳುತ್ತಿವೆ ಅಲ್ವಾ? ಇದು ಸಾರಾಂಶಕ್ಕೆ ಬರಲೇಬೇಕು.

ವೆಂಟಿಲೇಟರ್‌ಗೂ ಇದೇ ಮಾತು. ರಕ್ತದ ಆಕ್ಸಿಜನ್ ಮಟ್ಟ ಎರಡೂ ದಿನ 94. ಆದರೆ ಕೊಡುತ್ತಿರುವ ಆಮ್ಲಜನಕ, ಅಂದರೆ ಎಫ್‌ಐಓ2, ಶೇ. 40ರಿಂದ 55ಕ್ಕೆ ಏರಿದೆ. ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಉಳಿಸುವ ಒತ್ತಡ, ಅಂದರೆ ಪೀಪ್, 6ರಿಂದ 8ಕ್ಕೆ ಏರಿದೆ. ಅದೇ 94 ಉಳಿಸಿಕೊಳ್ಳಲು ಜಾಸ್ತಿ ಬೇಕಾಗುತ್ತಿದೆ.

ಕೊನೆಗೆ ನಾವು ಬರೆದದ್ದು ಇಷ್ಟು:

‘ಎಂಎಪಿ 66–70, ನಾರ್‌ಅಡ್ರಿನಲಿನ್ 0.13ರಿಂದ 0.18. ನಸುಕಿನ 3ಕ್ಕೆ ಎಂಎಪಿ 51, ನಾಡಿ 118, ಮೂತ್ರ 15 ಎಂಎಲ್; ಡೋಸ್ ಏರಿಸಿದ ಮೇಲೆ 4ಕ್ಕೆ 68. ಆಕ್ಸಿಜನ್ ಮಟ್ಟ 94, ಎಫ್‌ಐಓ2 ಶೇ. 40ರಿಂದ 55, ಪೀಪ್ 6ರಿಂದ 8.’

ಅವತ್ತು ವೆಂಟಿಲೇಟರ್ ತೆಗೆಯುವ ಪ್ರಯತ್ನ ಮಾಡಬೇಕು ಅಂದುಕೊಂಡಿದ್ದೆವು. ಇದನ್ನು ಓದಿದ ಮೇಲೆ ಅದನ್ನು ಬಿಟ್ಟು, ಸೋಂಕಿನ ಮೂಲ ಹುಡುಕಲು ಸ್ಕ್ಯಾನ್‌ಗೆ ಕಳಿಸಿದೆವು.