ಇನ್ನೂರು ನಿಯಮಗಳಲ್ಲಿ ಗೆದ್ದ ಒಂದು: ಅದರ ಪಿ-ಮೌಲ್ಯ ಓದುವುದು ಹೇಗೆ

ಬ್ಯಾಕ್‌ಟೆಸ್ಟ್ ಕಲಿಯುವವರು ಮೊದಲು ಮಾಡುವ ಪ್ರಯೋಗ ಹೆಚ್ಚುಕಡಿಮೆ ಒಂದೇ. ಒಂದು ಸೂಚ್ಯಂಕದ ದಿನದಿನದ ಮುಕ್ತಾಯ ಬೆಲೆ ತೆಗೆದುಕೊಳ್ಳುತ್ತಾರೆ. ಎರಡು ಮೂವಿಂಗ್ ಆವರೇಜ್ ಲೆಕ್ಕ ಹಾಕುತ್ತಾರೆ. ಚಿಕ್ಕದು ದೊಡ್ಡದನ್ನು ದಾಟಿ ಮೇಲೆ ಹೋದರೆ ಕೊಳ್ಳುವುದು, ಕೆಳಗಿಳಿದರೆ ಮಾರುವುದು. ಎಷ್ಟು ದಿನದ ಆವರೇಜ್ ಇಡಬೇಕು ಅಂತ ಗೊತ್ತಿಲ್ಲದ ಕಾರಣ, ಎಲ್ಲವನ್ನೂ ಒಮ್ಮೆ ಓಡಿಸಿ ನೋಡುತ್ತಾರೆ. ಈ ಟಿಪ್ಪಣಿ ಇರುವುದು ಆ ಕೊನೆಯ ಹೆಜ್ಜೆಯ ಬಗ್ಗೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ನಮ್ಮ ಹತ್ತಿರ 1250 ದಿನಗಳ ಬೆಲೆ ಇದೆ. ಚಿಕ್ಕ ಆವರೇಜ್‌ಗೆ 5, 10, 15 ಹೀಗೆ 50ರವರೆಗೆ 10 ಆಯ್ಕೆಗಳು. ದೊಡ್ಡದಕ್ಕೆ 60, 70 ಹೀಗೆ 250ರವರೆಗೆ 20 ಆಯ್ಕೆಗಳು. ಒಟ್ಟು 200 ನಿಯಮ. 250 ದಿನದ ಆವರೇಜ್ ಸಿದ್ಧವಾಗುವುದಕ್ಕೇ ಮೊದಲ 250 ದಿನ ಬೇಕು. ಹಾಗಾಗಿ ಎಲ್ಲ ನಿಯಮಗಳನ್ನೂ ಅದರ ನಂತರದ 1000 ದಿನಗಳ ಮೇಲಷ್ಟೇ ಅಳೆಯುತ್ತೇವೆ. ಅಂದರೆ ಸುಮಾರು 4 ವರ್ಷ. ಇವತ್ತಿನ ಮುಕ್ತಾಯದಲ್ಲಿ ಸಿಗ್ನಲ್ ಬಂದರೆ ನಾಳಿನ ಲಾಭನಷ್ಟವನ್ನು ಲೆಕ್ಕಕ್ಕೆ ಹಿಡಿಯಬೇಕು. ಇದರಲ್ಲಿ ತಪ್ಪಿದರೆ ಮುಂದಿನ ಯಾವ ಪರೀಕ್ಷೆಯೂ ಕಾಪಾಡುವುದಿಲ್ಲ.

ಪ್ರತಿ ನಿಯಮದ ದಿನದ ಲಾಭದಿಂದ, ಸುಮ್ನೆ ಕೊಂಡು ಇಟ್ಟುಕೊಂಡಿದ್ದರೆ ಬರುತ್ತಿದ್ದ ಲಾಭವನ್ನು ಕಳೆಯುತ್ತೇವೆ. ಉಳಿದದ್ದರ ಸರಾಸರಿಯನ್ನು ಅದರ ಏರಿಳಿತದಿಂದ ಭಾಗಿಸಿ ವರ್ಷದ ಲೆಕ್ಕಕ್ಕೆ ತರುತ್ತೇವೆ. ಸರಳವಾಗಿರಲಿ ಅಂತ ಇದನ್ನು ಶಾರ್ಪ್ ಎಂದೇ ಕರೆಯುತ್ತೇನೆ. 200ರಲ್ಲಿ ಅತ್ಯುತ್ತಮ ನಿಯಮದ ಶಾರ್ಪ್ 1.4 ಬಂತು ಅಂದುಕೊಳ್ಳಿ.

ಇದನ್ನು ಒಂಟಿಯಾಗಿ ಪರೀಕ್ಷಿಸುವುದು ಸುಲಭ. ಟಿ-ಮೌಲ್ಯ ಅಂದರೆ ಸರಿಸುಮಾರು ಶಾರ್ಪ್ ಗುಣಿಸು ವರ್ಷಗಳ ವರ್ಗಮೂಲ. 4ರ ವರ್ಗಮೂಲ 2. ಆದ್ದರಿಂದ ಟಿ-ಮೌಲ್ಯ 2.8. ಒಂದು ಬದಿಯ ಪಿ-ಮೌಲ್ಯ 0.0026. ನಿಯಮದಲ್ಲಿ ಏನೂ ಹುರುಳಿಲ್ಲದಿದ್ದರೂ ಬರೀ ಅದೃಷ್ಟದಿಂದ ಇಷ್ಟು ಒಳ್ಳೆಯ ಫಲಿತಾಂಶ ಬರುವ ಸಾಧ್ಯತೆ ಸಾವಿರಕ್ಕೆ ಮೂರಕ್ಕಿಂತ ಕಡಿಮೆ. ಕೇಳುವುದಕ್ಕೆ ಚೆನ್ನಾಗಿದೆ, ಅಲ್ವಾ?

ಆದರೆ ಈ 0.0026 ಉತ್ತರಿಸುವ ಪ್ರಶ್ನೆಯೇ ಬೇರೆ. ಬೆಲೆಗಳನ್ನು ನೋಡುವ ಮೊದಲೇ ಒಂದು ನಿಯಮವನ್ನು ಆರಿಸಿ, ಅದನ್ನು ಒಮ್ಮೆ ಮಾತ್ರ ಪರೀಕ್ಷಿಸಿದ್ದರೆ ಆ ಸಂಖ್ಯೆ ಸರಿ. ನಾವು ಮಾಡಿದ್ದು ಅದಲ್ಲ. 200 ನಿಯಮ ಓಡಿಸಿ, ಗೆದ್ದದ್ದನ್ನು ಎತ್ತಿಕೊಂಡೆವು. ಹಾಗಾಗಿ ಕೇಳಬೇಕಾದ ಪ್ರಶ್ನೆ ಇದು: ಎಲ್ಲ 200 ನಿಯಮಗಳೂ ಹುರುಳಿಲ್ಲದವೇ ಆಗಿದ್ದರೂ, ಅವುಗಳಲ್ಲಿ ಅತ್ಯುತ್ತಮವಾದದ್ದು 1.4 ತಲುಪುವ ಸಾಧ್ಯತೆ ಎಷ್ಟು?

ನಿಯಮಗಳು ಒಂದಕ್ಕೊಂದು ಸಂಬಂಧವಿಲ್ಲದವು ಅಂತ ಸದ್ಯಕ್ಕೆ ಇಟ್ಟುಕೊಂಡರೆ ಲೆಕ್ಕ ಹೀಗಿದೆ. ಒಂದು ನಿಯಮ ಆ ಮಟ್ಟ ಮುಟ್ಟದಿರುವ ಸಾಧ್ಯತೆ 0.9974. 200 ನಿಯಮಗಳಲ್ಲಿ ಒಂದೂ ಮುಟ್ಟದಿರುವ ಸಾಧ್ಯತೆ 0.9974ರ 200ನೇ ಘಾತ, ಅಂದರೆ ಸುಮಾರು 0.59. ಉಳಿದ 0.41 ನಮ್ಮ ನಿಜವಾದ ಪಿ-ಮೌಲ್ಯ. ಸಾವಿರಕ್ಕೆ ಮೂರು ಅಂದುಕೊಂಡದ್ದು ನೂರಕ್ಕೆ ನಲವತ್ತೊಂದಾಯಿತು. ಬಾನ್ಫೆರೋನಿ ವಿಧಾನ ಇನ್ನೂ ಸರಳ: ಪಿ-ಮೌಲ್ಯವನ್ನು ಪ್ರಯತ್ನಗಳ ಸಂಖ್ಯೆಯಿಂದ ಗುಣಿಸಿ. ಅದು 0.52 ಕೊಡುತ್ತದೆ. ಎರಡರ ತೀರ್ಪೂ ಒಂದೇ.

ಇನ್ನೊಂದು ಕಡೆಯಿಂದ ನೋಡಿದರೆ ವಿಷಯ ಮನಸ್ಸಿಗೆ ಚೆನ್ನಾಗಿ ಇಳಿಯುತ್ತದೆ. 200 ಸ್ವತಂತ್ರ ಪ್ರಯತ್ನಗಳಲ್ಲಿ ಗರಿಷ್ಠ ಟಿ-ಮೌಲ್ಯ ಬರೀ ಅದೃಷ್ಟದಿಂದಲೇ ಸರಾಸರಿ 2.75ರ ಹತ್ತಿರ ಇರುತ್ತದೆ. 4 ವರ್ಷದ ಡೇಟಾದಲ್ಲಿ ಅದು ಶಾರ್ಪ್ 1.37ಕ್ಕೆ ಸಮ. ನಮಗೆ ಸಿಕ್ಕ 1.4 ಹೆಚ್ಚುಕಡಿಮೆ ಅಲ್ಲೇ ಇದೆ. ಹುರುಳಿಲ್ಲದ ನಿಯಮಗಳ ಗುಂಪಿನಿಂದ ಏನನ್ನು ನಿರೀಕ್ಷಿಸಬೇಕಿತ್ತೋ ಅದೇ ಬಂದಿದೆ.

ಈಗ "ಸಂಬಂಧವಿಲ್ಲದವು" ಅಂತ ಇಟ್ಟುಕೊಂಡದ್ದಕ್ಕೆ ಬರೋಣ. ಅದು ನಿಜವಲ್ಲ. 20 ಮತ್ತು 100 ದಿನದ ನಿಯಮ, 20 ಮತ್ತು 110 ದಿನದ ನಿಯಮ ಹೆಚ್ಚಿನ ದಿನಗಳಲ್ಲಿ ಒಂದೇ ಕಡೆ ನಿಂತಿರುತ್ತವೆ. ಅವು ಎರಡು ಬೇರೆ ಪ್ರಯತ್ನಗಳಲ್ಲ, ಒಂದಕ್ಕಿಂತ ಸ್ವಲ್ಪವೇ ಜಾಸ್ತಿ. ನಮ್ಮ 200 ನಿಯಮಗಳು ಒಟ್ಟಾರೆ 20 ಸ್ವತಂತ್ರ ನಿಯಮಗಳಂತೆ ನಡೆದುಕೊಂಡರೆ, ಅದೇ ಲೆಕ್ಕ 0.05 ಕೊಡುತ್ತದೆ. ಒಂದು ತುದಿಯಲ್ಲಿ 0.41, ಇನ್ನೊಂದು ತುದಿಯಲ್ಲಿ 0.05. ಎಸೆಯಬೇಕೋ ಇಟ್ಟುಕೊಳ್ಳಬೇಕೋ ಎನ್ನುವ ತೀರ್ಮಾನ ಇಡಿಯಾಗಿ ಈ ಸಂಬಂಧದ ಮೇಲೆ ನಿಂತಿದೆ. ಅದನ್ನು ಊಹಿಸಿ ಹೇಳುವುದು ಸರಿಯಲ್ಲ. ಡೇಟಾದಿಂದಲೇ ತೆಗೆಯಬೇಕು.

ಅರ್ಥಶಾಸ್ತ್ರಜ್ಞ ಹಾಲ್ಬರ್ಟ್ ವೈಟ್ 2000ದಲ್ಲಿ ಪ್ರಕಟಿಸಿದ ರಿಯಾಲಿಟಿ ಚೆಕ್ ಮಾಡುವುದು ಇದನ್ನೇ. ಮೊದಲು ಒಂದು ಕೋಷ್ಟಕ ಮಾಡಿ: ಸಾಲಿಗೆ ಒಂದು ದಿನ, ಕಾಲಮ್ಮಿಗೆ ಒಂದು ನಿಯಮ, ಒಳಗೆ ಆ ದಿನದ ಹೆಚ್ಚುವರಿ ಲಾಭ. ನಮ್ಮಲ್ಲಿ 1000 ಸಾಲು, 200 ಕಾಲಮ್ಮು. ಆಮೇಲೆ ದಿನಗಳನ್ನು ಯಾದೃಚ್ಛಿಕವಾಗಿ ಮತ್ತೆ ಆರಿಸಿ ಹೊಸ 1000 ದಿನ ಜೋಡಿಸಿ. ಒಂದೊಂದೇ ದಿನ ಆರಿಸಿದರೆ ಅಕ್ಕಪಕ್ಕದ ದಿನಗಳ ನಂಟು ಮುರಿದುಹೋಗುತ್ತದೆ. ಅದಕ್ಕೆ ತುಂಡು ತುಂಡಾಗಿ ಆರಿಸುತ್ತಾರೆ. ಪಾಲಿಟಿಸ್ ಮತ್ತು ರೊಮಾನೊ 1994ರಲ್ಲಿ ಕೊಟ್ಟ ಸ್ಟೇಷನರಿ ಬೂಟ್‌ಸ್ಟ್ರ್ಯಾಪ್‌ನಲ್ಲಿ ತುಂಡಿನ ಉದ್ದವೂ ಯಾದೃಚ್ಛಿಕ. ಕೆಳಗಿನ `q = 0.1` ಅಂದರೆ ತುಂಡಿನ ಸರಾಸರಿ ಉದ್ದ 10 ದಿನ.

```python
import numpy as np

def reality_check(f, B=1000, q=0.1, seed=7):
    rng = np.random.default_rng(seed)
    T, N = f.shape
    m = f.mean(axis=0)
    best = m.max()
    hits = 0
    for _ in range(B):
        idx = np.empty(T, dtype=int)
        idx[0] = rng.integers(T)
        for t in range(1, T):
            if rng.random() < q:
                idx[t] = rng.integers(T)
            else:
                idx[t] = (idx[t-1] + 1) % T
        if (f[idx].mean(axis=0) - m).max() >= best:
            hits += 1
    return hits / B
```

ಇದರಲ್ಲಿ ಎರಡು ಕಡೆ ನಿಂತು ನೋಡಬೇಕು. `f[idx]` ಇಡೀ ಸಾಲನ್ನು ಎತ್ತುತ್ತದೆ. ಅಂದರೆ ಎಲ್ಲ 200 ನಿಯಮಗಳಿಗೂ ಅದೇ ದಿನಗಳು. ಹಾಗಾಗಿ ನಿಯಮಗಳ ನಡುವಿನ ಸಂಬಂಧ ತಾನಾಗಿಯೇ ಉಳಿಯುತ್ತದೆ. ಪ್ರತಿ ಕಾಲಮ್ಮಿಗೂ ಬೇರೆ ಬೇರೆ `idx` ಕೊಟ್ಟರೆ ಆ ಸಂಬಂಧ ಹಾಳಾಗಿ, ನಾವು ಮತ್ತೆ "ಸಂಬಂಧವಿಲ್ಲದವು" ಎನ್ನುವಲ್ಲಿಗೇ ಬಂದು ಬೀಳುತ್ತೇವೆ. ಎರಡನೆಯದು `- m`. ಪ್ರತಿ ನಿಯಮದಿಂದ ಅದರದೇ ಸರಾಸರಿಯನ್ನು ಕಳೆದರೆ, ಯಾವ ನಿಯಮದಲ್ಲೂ ಹುರುಳಿಲ್ಲದ ಒಂದು ಲೋಕ ಸಿಗುತ್ತದೆ. ಆ ಲೋಕದಲ್ಲಿ ಪ್ರತಿ ಸಲ ಗೆದ್ದ ನಿಯಮ ಎಷ್ಟು ಗಳಿಸಿತು ಅಂತ ನೋಡಿ, ನಮ್ಮ ನಿಜವಾದ ಗೆಲುವನ್ನು ಅದರ ಜೊತೆ ಹೋಲಿಸುತ್ತೇವೆ. ಈ ಕಳೆಯುವಿಕೆ ಮರೆತರೆ ಪಿ-ಮೌಲ್ಯ ಸುಮ್ನೆ 0.5ರ ಆಚೆ ಹೋಗಿ ಕೂರುತ್ತದೆ. ನಿಯಮ ಎಷ್ಟೇ ಒಳ್ಳೆಯದಿದ್ದರೂ ಹಾಗೇ ಬರುತ್ತಿದ್ದರೆ ಮೊದಲು ಇಲ್ಲೇ ಹುಡುಕಿ.

ಈ ವಿಧಾನಕ್ಕೆ ಒಂದು ದೌರ್ಬಲ್ಯವಿದೆ. ತುಂಬಾ ಕೆಟ್ಟ, ಏರಿಳಿತ ಜಾಸ್ತಿ ಇರುವ ನಿಯಮಗಳನ್ನು ಗುಂಪಿಗೆ ಸೇರಿಸಿದರೆ, ಅವುಗಳ ಸರಾಸರಿ ಕಳೆದಾಗ ಅವೂ ಉಳಿದವುಗಳ ಸಮಕ್ಕೆ ಬಂದು ನಿಲ್ಲುತ್ತವೆ. ಗರಿಷ್ಠ ಮೌಲ್ಯ ಉಬ್ಬುತ್ತದೆ. ನಿಜವಾಗಿ ಒಳ್ಳೆಯ ನಿಯಮವೂ ಫೇಲಾಗಬಹುದು. ಪೀಟರ್ ಹ್ಯಾನ್ಸನ್ 2005ರಲ್ಲಿ ಇದನ್ನು ತಿದ್ದಿದರು. ಅವರ ಪರೀಕ್ಷೆಯಲ್ಲಿ ಪ್ರತಿ ನಿಯಮದ ಸರಾಸರಿಯನ್ನು ಅದರದೇ ಏರಿಳಿತದಿಂದ ಭಾಗಿಸುತ್ತಾರೆ. ತೀರಾ ಹಿಂದುಳಿದವು ಫಲಿತಾಂಶವನ್ನು ಎಳೆಯದಂತೆಯೂ ನೋಡಿಕೊಳ್ಳುತ್ತಾರೆ. ಗುಂಪಿನಲ್ಲಿ ಕಸ ಜಾಸ್ತಿ ಇದೆ ಅನ್ನಿಸಿದರೆ ನಾನು ಅದನ್ನೇ ಬಳಸುತ್ತೇನೆ.

ಆದರೆ ಯಾವ ಪರೀಕ್ಷೆಗೂ ನಾವು ಹೇಳದ ವಿಷಯ ಗೊತ್ತಾಗುವುದಿಲ್ಲ. ಕೋಷ್ಟಕದಲ್ಲಿ ಓಡಿಸಿದ ಪ್ರತಿ ನಿಯಮವೂ ಇರಬೇಕು, ಕೈಬಿಟ್ಟವೂ ಸೇರಿ. 200 ಓಡಿಸಿ, ಚೆನ್ನಾಗಿ ಕಂಡ 15 ಮಾತ್ರ ಕೊಟ್ಟರೆ ಉತ್ತರ 15ಕ್ಕೆ ತಕ್ಕಂತೆ ಬರುತ್ತದೆ. ಪ್ರಯತ್ನ ಅಂತ ಅನ್ನಿಸದ ಪ್ರಯತ್ನಗಳೂ ಇವೆ. ಸ್ಟಾಪ್‌ಲಾಸ್ ಸೇರಿಸಿ ನೋಡಿದ್ದು, ಶುರುವಿನ ದಿನಾಂಕ ಸ್ವಲ್ಪ ಸರಿಸಿದ್ದು, ಒಂದು ಸೂಚ್ಯಂಕದಲ್ಲಿ ಆಗಲಿಲ್ಲ ಅಂತ ಇನ್ನೊಂದಕ್ಕೆ ಹೋದದ್ದು, ಎಲ್ಲವೂ ಲೆಕ್ಕಕ್ಕೆ ಸೇರುತ್ತವೆ. ಓಡಿಸುವ ಸ್ಕ್ರಿಪ್ಟೇ ಪ್ರತಿ ಸಲ ನಿಯಮ, ಅವಧಿ ಮತ್ತು ದಿನದಿನದ ಲಾಭವನ್ನು ಒಂದು ಫೈಲಿಗೆ ಬರೆದಿಡುವಂತೆ ಮಾಡಿ. ನೆನಪಿನ ಮೇಲೆ ಬಿಟ್ಟರೆ ಸೋತ ಪ್ರಯತ್ನಗಳೇ ಮೊದಲು ಮರೆತುಹೋಗುತ್ತವೆ.

ಎಲ್ಲಕ್ಕಿಂತ ಕಷ್ಟದ ಪ್ರಯತ್ನಗಳು ಬೇರೆಯವರು ಮಾಡಿರುವವು. 1992ರಲ್ಲಿ ಬ್ರಾಕ್, ಲಕೊನಿಶಾಕ್ ಮತ್ತು ಲೆಬರಾನ್ ಡೌ ಜೋನ್ಸ್ ಸೂಚ್ಯಂಕದ 1897ರಿಂದ 1986ರವರೆಗಿನ ಡೇಟಾದ ಮೇಲೆ 26 ಸರಳ ನಿಯಮಗಳನ್ನು ಪರೀಕ್ಷಿಸಿ, ಅವು ಕೆಲಸ ಮಾಡುತ್ತವೆ ಎಂದು ತೋರಿಸಿದರು. ಪ್ರಶ್ನೆ ಏನೆಂದರೆ, ಆ 26 ಎಲ್ಲಿಂದ ಬಂದವು? ಅದೇ ಮಾರುಕಟ್ಟೆಯಲ್ಲಿ ದಶಕಗಳ ಕಾಲ ಜನ ಪ್ರಯತ್ನಿಸಿದ ಎಷ್ಟೋ ನಿಯಮಗಳಲ್ಲಿ ಉಳಿದುಕೊಂಡವು ಅವು. 1999ರಲ್ಲಿ ಸಲ್ಲಿವನ್, ಟಿಮ್ಮರ್‌ಮನ್ ಮತ್ತು ವೈಟ್ ಗುಂಪನ್ನು 7846 ನಿಯಮಗಳಿಗೆ ಹಿಗ್ಗಿಸಿ ರಿಯಾಲಿಟಿ ಚೆಕ್ ಓಡಿಸಿದರು. ಫಿಲ್ಟರ್, ಮೂವಿಂಗ್ ಆವರೇಜ್, ಸಪೋರ್ಟ್-ರೆಸಿಸ್ಟೆನ್ಸ್, ಚಾನೆಲ್ ಬ್ರೇಕ್‌ಔಟ್, ವಾಲ್ಯೂಮ್ ಆಧಾರಿತ ನಿಯಮಗಳು ಎಲ್ಲವೂ ಅದರಲ್ಲಿದ್ದವು. ಫಲಿತಾಂಶ ಎರಡು ಭಾಗವಾಯಿತು. 1986ರವರೆಗಿನ ಅವಧಿಯಲ್ಲಿ ಅತ್ಯುತ್ತಮ ನಿಯಮ ಇಷ್ಟು ಕಠಿಣ ಪರೀಕ್ಷೆಯನ್ನೂ ದಾಟಿತು. ಆದರೆ ನಂತರದ 10 ವರ್ಷಗಳಲ್ಲಿ, 1996ರವರೆಗೆ, ಅದರ ಮೇಲುಗೈ ಉಳಿಯಲಿಲ್ಲ. ನನಗೆ ಈ ಅಧ್ಯಯನದಲ್ಲಿ ಮೊದಲ ಭಾಗವೂ ಅಷ್ಟೇ ಮುಖ್ಯ. ಸರಿಯಾಗಿ ಲೆಕ್ಕ ಹಾಕಿದರೆ ಎಲ್ಲವೂ ಬಿದ್ದೇ ಹೋಗುತ್ತದೆ ಅಂತೇನಿಲ್ಲ.

ಇಷ್ಟೆಲ್ಲ ಬೇಡ, ಕೊನೆಯ ಒಂದು ವರ್ಷದ ಡೇಟಾ ಎತ್ತಿಟ್ಟು ಗೆದ್ದ ನಿಯಮವನ್ನು ಅಲ್ಲಿ ನೋಡಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಒಮ್ಮೆ ಮಾತ್ರ ನೋಡಿದರೆ ಅದು ಪ್ರಾಮಾಣಿಕ ಪರೀಕ್ಷೆ. ಅಲ್ಲಿ ಸೋತಿತು ಅಂತ ವಾಪಸ್ ಹೋಗಿ ನಿಯಮ ತಿದ್ದಿ ಮತ್ತೆ ಅದೇ ವರ್ಷದ ಮೇಲೆ ಓಡಿಸಿದ ಕ್ಷಣ, ಆ ವರ್ಷವೂ ಹುಡುಕಾಟದ ಭಾಗವಾಯಿತು. ಒಮ್ಮೆಯೇ ನೋಡಿದರೂ ಒಂದು ವರ್ಷ ಹೇಳುವುದು ತುಂಬಾ ಕಡಿಮೆ. ನಿಯಮದ ನಿಜವಾದ ಶಾರ್ಪ್ 0.5 ಇದೆ ಅನ್ನಿ. ವರ್ಷದ ವರ್ಗಮೂಲ 1. ನಿರೀಕ್ಷಿಸಬಹುದಾದ ಟಿ-ಮೌಲ್ಯ ಬರೀ 0.5. ಇದು 2 ತಲುಪಬೇಕಾದರೆ ವರ್ಗಮೂಲ 4 ಆಗಬೇಕು. ಅಂದರೆ ಯಾರೂ ಮುಟ್ಟದ 16 ವರ್ಷಗಳ ಹೊಸ ಡೇಟಾ ಬೇಕು.