ದುರಸ್ತಿಯಾದದ್ದು ನಾಲೆಯೋ, ತೂಬೋ?

ಮೈಸೂರಿನಲ್ಲಿ ಕುಳಿತು ಮಂಡ್ಯ ಜಿಲ್ಲೆಯ ವರದಿಗಳ ಕರಡು ತಿದ್ದುವ ನನಗೆ ಇಂಥ ವಾಕ್ಯ ಮತ್ತೆ ಮತ್ತೆ ಎದುರಾಗುತ್ತದೆ: ‘ಕಳೆದ ವರ್ಷ ದುರಸ್ತಿಯಾದ ನಾಲೆಯ ತೂಬಿನಲ್ಲಿ ನೀರು ಸೋರುತ್ತಿದೆ.’

ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ದುರಸ್ತಿಯಾದದ್ದು ಯಾವುದು? ತೂಬು ಎಂದಾದರೆ ಕಾಮಗಾರಿ ಕಳಪೆ ಎಂಬ ಆರೋಪ ಅಲ್ಲಿದೆ. ನಾಲೆ ಎಂದಾದರೆ, ತೂಬನ್ನು ಮುಟ್ಟದೆ ಬಿಟ್ಟಿರಲೂಬಹುದು. ಗುತ್ತಿಗೆದಾರನ ಮೇಲೆ ಆರೋಪವೇ ಇಲ್ಲ. ಕನ್ನಡದಲ್ಲಿ ವಿಶೇಷಣ ನಾಮಪದಕ್ಕಿಂತ ಮೊದಲೇ ಬರಬೇಕು. ಮುಂದೆ ‘ನಾಲೆಯ ತೂಬು’ ಎಂಬಂತೆ ಎರಡು ನಾಮಪದಗಳು ಸಾಲಾಗಿ ನಿಂತರೆ ‘ದುರಸ್ತಿಯಾದ’ ಎಂಬುದು ಯಾವುದಕ್ಕೆ ಬೇಕಾದರೂ ಅಂಟಿಕೊಳ್ಳುತ್ತದೆ. ಸ್ಥಳಕ್ಕೆ ಹೋಗಿ ತೂಬನ್ನು ಕಣ್ಣಾರೆ ಕಂಡ ವರದಿಗಾರರಿಗೆ ಎರಡನೆಯ ಅರ್ಥ ಹೊಳೆಯುವುದೇ ಇಲ್ಲ. ಅದಕ್ಕೇ ಕರಡನ್ನು ಬೇರೆಯವರು ಓದಬೇಕು.

ಪತ್ತೆ ಹಚ್ಚಲು ನಾನು ವಿಶೇಷಣವನ್ನು ಮುಂದಿನ ಒಂದೊಂದು ನಾಮಪದಕ್ಕೂ ಜೋಡಿಸಿ ನೋಡುತ್ತೇನೆ. ‘ದುರಸ್ತಿಯಾದ ನಾಲೆ’, ‘ದುರಸ್ತಿಯಾದ ತೂಬು’: ಎರಡೂ ಒಪ್ಪುತ್ತವೆ, ಹಾಗಾಗಿ ವಾಕ್ಯ ತಿದ್ದಲೇಬೇಕು. ‘ಗದ್ದೆಯಲ್ಲಿ ಬೆಳೆದ ಕಬ್ಬಿನ ತೂಕ’ ಎಂಬಲ್ಲಿ ತೂಕ ಗದ್ದೆಯಲ್ಲಿ ಬೆಳೆಯುವುದಿಲ್ಲ; ಅದನ್ನು ಮುಟ್ಟುವುದಿಲ್ಲ.

ಅಲ್ಪವಿರಾಮ ಹಾಕಿದರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ‘ದುರಸ್ತಿಯಾದ, ನಾಲೆಯ ತೂಬು’ ಎಂದರೆ ಸೂಚನೆಯೇನೋ ಸಿಗುತ್ತದೆ. ಆದರೆ ಪುಟ ಕಟ್ಟುವಾಗ ಆ ಗುರುತು ಬಿದ್ದುಹೋಗಬಹುದು, ಗಟ್ಟಿಯಾಗಿ ಓದಿದರೆ ಕೇಳಿಸುವುದಿಲ್ಲ. ವಾಕ್ಯವನ್ನು ಒಡೆಯುವುದೇ ಮೇಲು: ‘ನಾಲೆಯ ತೂಬನ್ನು ಕಳೆದ ವರ್ಷ ದುರಸ್ತಿ ಮಾಡಲಾಗಿತ್ತು. ಆದರೂ ತೂಬಿನಲ್ಲಿ ನೀರು ಸೋರುತ್ತಿದೆ.’ ಎರಡನೆಯ ವಾಕ್ಯದಲ್ಲಿ ‘ಅದರಲ್ಲಿ’ ಎಂದು ಬರೆದರೆ ಹಳೆಯ ಗೊಂದಲವೇ ಮರಳುತ್ತದೆ. ಪದ ಮರುಕಳಿಸಿತೆಂಬ ಸಂಕೋಚ ಇಲ್ಲಿ ಬೇಡ.

ಕಾಲವನ್ನು ಹೇಳುವ ಪದಗಳೂ ಹೀಗೆಯೇ ಕಾಡುತ್ತವೆ. ‘ಸೋಮವಾರ ನಾಲೆಗೆ ನೀರು ಬಿಡುವುದಾಗಿ ಎಂಜಿನಿಯರ್ ತಿಳಿಸಿದರು.’ ಸೋಮವಾರ ಬಿಡುವುದು ನೀರೋ, ಸೋಮವಾರ ಬಂದದ್ದು ಬರೀ ಮಾತೋ? ಭತ್ತದ ಸಸಿಮಡಿಗೆ ಸಿದ್ಧನಾಗುವ ರೈತನಿಗೆ ಇದು ದೊಡ್ಡ ವ್ಯತ್ಯಾಸ. ದಿನವನ್ನು ಅದರ ಕ್ರಿಯಾಪದದ ಪಕ್ಕಕ್ಕೆ ತಂದರೆ ಸಾಕು: ‘ನಾಲೆಗೆ ನೀರನ್ನು ಸೋಮವಾರ ಬಿಡುವುದಾಗಿ ಎಂಜಿನಿಯರ್ ತಿಳಿಸಿದರು.’ ಇಲ್ಲವೇ, ‘ನಾಲೆಗೆ ನೀರು ಬಿಡುವುದಾಗಿ ಎಂಜಿನಿಯರ್ ಸೋಮವಾರ ತಿಳಿಸಿದರು.’

ಎಲ್ಲಕ್ಕಿಂತ ಅಪಾಯಕಾರಿಯಾದದ್ದು ‘ಎಲ್ಲ’ ಮತ್ತು ‘ಇಲ್ಲ’ ಒಂದೇ ವಾಕ್ಯದಲ್ಲಿ ಸೇರುವುದು. ‘ಎಲ್ಲ ರೈತರಿಗೂ ಪರಿಹಾರ ಬಂದಿಲ್ಲ.’ ಯಾರಿಗೂ ಬಂದಿಲ್ಲವೇ, ಕೆಲವರಿಗೆ ಮಾತ್ರ ಬಂದಿಲ್ಲವೇ? ಪದ ಅದಲು ಬದಲು ಮಾಡಿ ಇದನ್ನು ಸರಿಪಡಿಸಲಾಗದು, ಸಂಪಾದಕರು ಊಹಿಸಿ ತಿದ್ದಲೂ ಕೂಡದು. ಬರೆದವರಿಗೆ ಫೋನ್ ಮಾಡಿ ಕೇಳಬೇಕು. ‘ಈ ವಾಕ್ಯ ಸರಿಯಿದೆಯೇ?’ ಎಂದರೆ ಅವರು ಹೌದೆಂದೇ ಹೇಳುತ್ತಾರೆ. ‘ಒಬ್ಬ ರೈತನಿಗಾದರೂ ಹಣ ಬಂದಿದೆಯೇ?’ ಎಂದು ಕೇಳಿ.